ಪರದೆಯ ಮೇಲೆ ಒಂದು ರೇಟು, ಪಾವತಿಗೆ ಇನ್ನೊಂದು ರೇಟು

ಜೂನ್ ಮಳೆ ಹಿಡಿಯುವ ಹೊತ್ತಿಗೆ ಮಡಿಕೇರಿಯ ಮಹದೇವಪೇಟೆಯ ಅಂಗಡಿಗಳಲ್ಲಿ ಈಗ ಪ್ರತಿವರ್ಷವೂ ಕೇಳಿಬರುವ ಮಾತೊಂದಿದೆ. ಗಿರಾಕಿ ಮಳೆಕೋಟನ್ನು ಕೈಗೆತ್ತಿಕೊಳ್ಳುತ್ತಾನೆ, ಹೊಲಿಗೆ ಎಳೆದು ನೋಡುತ್ತಾನೆ, ರೇಟು ಕೇಳುತ್ತಾನೆ. ಆಮೇಲೆ ಜೇಬಿನಿಂದ ಮೊಬೈಲು ತೆಗೆಯುತ್ತಾನೆ.

“ಎಂತ ಮಾರಾಯ್ರೇ, ನೀವು ಒಂಬೈನೂರೈವತ್ತು ಹೇಳ್ತೀರಿ. ಇದರಲ್ಲಿ ಎಂಟುನೂರ ನಲವತ್ತೊಂಬತ್ತಕ್ಕೆ ಉಂಟಲ್ಲ?”

“ಅದು ಮೇಲೆ ಬರೆದ ರೇಟು ಸಾರ್. ಕೊನೆಗೆ ಎಷ್ಟಾಗ್ತದೆ, ಅದನ್ನು ನೋಡಿ.”

ಕೊನೆಗೆ ಎಷ್ಟಾಗುತ್ತದೆ ಎಂದು ನೋಡುವ ತಾಳ್ಮೆ ಗಿರಾಕಿಗೆ ಇರುವುದಿಲ್ಲ. ಕೋಟನ್ನು ಕೆಳಗಿಟ್ಟು ಹೊರಟುಬಿಡುತ್ತಾನೆ. ವ್ಯಾಪಾರ ಹೋಯಿತು. ಹೋದದ್ದು ನಿಜವಾಗಿ ಕಡಿಮೆ ರೇಟಿನ ಎದುರು ಸೋತಿದ್ದರೆ ಅದು ವ್ಯಾಪಾರದ ಧರ್ಮ, ಯಾರೂ ಅಳುವಂತಿಲ್ಲ. ಆದರೆ ಸೋತದ್ದು ಇಲ್ಲದ ರೇಟಿನ ಎದುರು ಎಂದಾದರೆ ಅಂಗಡಿಯವನಿಗೂ ಅನ್ಯಾಯ, ಗಿರಾಕಿಗೂ ಅನ್ಯಾಯ.

ಇಲ್ಲೊಂದು ಮಾದರಿ ಲೆಕ್ಕ ಹಾಕಿ ನೋಡಬಹುದು. ಇದು ಯಾವುದೇ ಒಂದು ಕಂಪೆನಿಯ ಬಿಲ್ಲಲ್ಲ. ಆದರೆ ಇದರ ಒಂದೊಂದು ಸಾಲೂ ಫೋನಿನಲ್ಲಿ ಸಾಮಾನು ತರಿಸುವವರಿಗೆ ಪರಿಚಯದ್ದೇ. ಕೋಟಿನ ರೇಟು 849 ರೂಪಾಯಿ. ವಿಳಾಸ ಬರೆದ ಮೇಲೆ ಸಾಗಾಣಿಕೆಗೆ 60 ಸೇರುತ್ತದೆ. ಮುಂದಿನ ಪುಟದಲ್ಲಿ ‘ಪ್ಲಾಟ್‌ಫಾರ್ಮ್ ಶುಲ್ಕ’ 9. ಅದರ ಕೆಳಗೆ ‘ಹ್ಯಾಂಡ್ಲಿಂಗ್ ಶುಲ್ಕ’ 29. ಸಾಮಾನು ಕೈಗೆ ಬಂದ ಮೇಲೆ ಹಣ ಕೊಡುತ್ತೇನೆ ಎಂದರೆ ಅದಕ್ಕೆ 15. ಇಷ್ಟರ ನಡುವೆ, ಸಾಮಾನು ಹಾಳಾದರೆ ರಕ್ಷಣೆ ಎಂಬ ಹೆಸರಿನ 39 ರೂಪಾಯಿಯ ಚೌಕವೊಂದರಲ್ಲಿ ಟಿಕ್ಕು ಮೊದಲೇ ಬಿದ್ದಿರುತ್ತದೆ. ಅದನ್ನು ಹಾಕಿದವರು ಗಿರಾಕಿಯಲ್ಲ. ಎಲ್ಲ ಕೂಡಿಸಿದರೆ 1,001 ರೂಪಾಯಿ. ಮಹದೇವಪೇಟೆಯಲ್ಲಿ ಕೈಯಿಂದ ಮುಟ್ಟಿ ನೋಡಿದ ಕೋಟು 950ಕ್ಕೆ ಇತ್ತು.

ಇಲ್ಲಿನ ಜಾಣತನ ಮೊತ್ತದಲ್ಲಿಲ್ಲ, ಕ್ರಮದಲ್ಲಿದೆ. 1,001 ಎಂದು ಮೊದಲೇ ಬರೆದಿದ್ದರೆ ಗಿರಾಕಿ ಅಂಗಡಿಯಲ್ಲೇ ಕೊಳ್ಳುತ್ತಿದ್ದ. ಹನಿ ಹನಿಯಾಗಿ ಹೇಳಿದ್ದರಿಂದ ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಅವನು ಬಣ್ಣ ಆರಿಸಿದ್ದಾನೆ, ಅಳತೆ ಆರಿಸಿದ್ದಾನೆ, ಮನೆಯ ವಿಳಾಸ ಬರೆದಿದ್ದಾನೆ. ಇನ್ನು 9 ರೂಪಾಯಿಗೆ, 15 ರೂಪಾಯಿಗೆ ಹಿಂದೆ ಹೋಗುವುದೇ ಎಂದು ಒತ್ತಿಬಿಡುತ್ತಾನೆ. ಅರ್ಧ ದಾರಿ ಬಂದ ಪ್ರಯಾಣಿಕನಿಗೆ ಕುಶಾಲನಗರದಲ್ಲಿ ಬಸ್ಸು ನಿಲ್ಲಿಸಿ ಇನ್ನೂ ಹತ್ತು ರೂಪಾಯಿ ಕೊಡಿ ಎಂದಂತೆ. ಇಳಿದು ಹೋಗುವವರು ಎಷ್ಟು ಮಂದಿ?

ಹಳೆಯ ಪರಿಚಯ

ಐವತ್ತು ದಾಟಿದ ವರ್ತಕರಿಗೆ ಈ ಆಟ ಹೊಸದಲ್ಲ. ಒಂದು ಕಾಲದಲ್ಲಿ ಸಾಬೂನು, ಬಿಸ್ಕತ್ತು, ಹಲ್ಲುಜ್ಜುವ ಪೇಸ್ಟುಗಳ ಪೊಟ್ಟಣದ ಮೇಲೆ ಬೆಲೆಯ ಪಕ್ಕದಲ್ಲೇ ‘ಸ್ಥಳೀಯ ತೆರಿಗೆ ಪ್ರತ್ಯೇಕ’ ಎಂದು ಅಚ್ಚಾಗಿರುತ್ತಿತ್ತು. 1977ರ ಪೊಟ್ಟಣ ಸಾಮಗ್ರಿ ನಿಯಮಗಳಲ್ಲಿ ಹಾಗೆ ಅಚ್ಚು ಹಾಕಲು ಅವಕಾಶವಿತ್ತು. ಆ ‘ಪ್ರತ್ಯೇಕ’ ಎಷ್ಟು ಎಂಬುದು ಅಂಗಡಿಯಿಂದ ಅಂಗಡಿಗೆ ಬದಲಾಗುತ್ತಿತ್ತು. ತೆರಿಗೆ ಎಷ್ಟೆಂದು ಗಿರಾಕಿಗೆ ಗೊತ್ತಿಲ್ಲ. ಗಲ್ಲಾದ ಮೇಲೆ ಕೂತವರು ಹೇಳಿದ್ದೇ ಲೆಕ್ಕ. ನಾಲ್ಕಾಣೆ ತೆರಿಗೆಗೆ ಎಂಟಾಣೆ ಕೇಳಿದರೂ ಕೊಟ್ಟು ಹೋಗಬೇಕಾಗಿತ್ತು.

1990ರ ಸುಮಾರಿಗೆ ಈ ನಿಯಮ ಬದಲಾಯಿತು. ಎಲ್ಲ ತೆರಿಗೆಯೂ ಸೇರಿದ ಗರಿಷ್ಠ ಚಿಲ್ಲರೆ ಬೆಲೆಯನ್ನೇ ಪೊಟ್ಟಣದ ಮೇಲೆ ಅಚ್ಚು ಮಾಡಬೇಕು, ಅದಕ್ಕಿಂತ ಒಂದು ಪೈಸೆ ಹೆಚ್ಚು ತೆಗೆದುಕೊಳ್ಳಬಾರದು ಎಂದಾಯಿತು. ಇಂದು ಎಲ್ಲರ ಬಾಯಲ್ಲಿರುವ ‘ಎಂಆರ್‌ಪಿ’ ಹೀಗೆ ಬಂದದ್ದು. 2011ರ ನಿಯಮಗಳಲ್ಲೂ ಅದೇ ಮುಂದುವರಿದಿದೆ. ತಣ್ಣಗಿನ ನೀರಿನ ಬಾಟಲಿಗೆ ‘ಕೂಲಿಂಗ್ ಚಾರ್ಜು’ ಎಂದು ಎರಡು ರೂಪಾಯಿ ಸೇರಿಸಿದ ಅಂಗಡಿಯವನ ಮೇಲೂ ಈ ನಿಯಮದಡಿ ಕೇಸು ಹಾಕಬಹುದು.

ಅಂಗಡಿಯ ಕಟ್ಟೆಯಿಂದ ಓಡಿಸಿದ ಆ ‘ಪ್ರತ್ಯೇಕ’ವೇ ಈಗ ಹೊಸ ಹೆಸರುಗಳಲ್ಲಿ ಮೊಬೈಲಿನ ಪರದೆಯಿಂದ ಒಳಗೆ ಬಂದಿದೆ. ಇದು ಬರೀ ಹೋಲಿಕೆಯ ಮಾತಲ್ಲ ಎಂಬುದಕ್ಕೆ 2025ರಲ್ಲಿ ಹೊರಬಿದ್ದ ಒಂದು ಆದೇಶವೇ ಸಾಕ್ಷಿ.

ಶೇ. 27 ಹೇಗೆ 18 ಆಯಿತು

ಮಕ್ಕಳ ಬಟ್ಟೆಬರೆ, ಆಟದ ಸಾಮಾನು ಮಾರುವ ‘ಫಸ್ಟ್‌ಕ್ರೈ’ ಎಂಬ ದೊಡ್ಡ ಜಾಲತಾಣವಿದೆ. ಅದನ್ನು ನಡೆಸುವ ಕಂಪೆನಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2 ಲಕ್ಷ ರೂಪಾಯಿ ದಂಡ ಹಾಕಿತು. ಒಬ್ಬ ಗ್ರಾಹಕರ ದೂರಿನಿಂದ ಶುರುವಾದ ಪ್ರಕರಣ ಅದು. ಜಾಲತಾಣದಲ್ಲಿ ಸಾಮಾನಿನ ಪಕ್ಕದಲ್ಲಿ ಎಲ್ಲ ತೆರಿಗೆಗಳೂ ಸೇರಿದ ಎಂಆರ್‌ಪಿ ಎಂದೇ ಬರೆದಿತ್ತು. ಅದರ ಮೇಲೆ ರಿಯಾಯಿತಿಯನ್ನೂ ತೋರಿಸಿತ್ತು. ಆದರೆ ಹಣ ಕಟ್ಟುವ ಪುಟಕ್ಕೆ ಹೋದಾಗ ರಿಯಾಯಿತಿ ಕಳೆದ ಬೆಲೆಯ ಮೇಲೆ ಜಿಎಸ್‌ಟಿಯನ್ನು ಮತ್ತೆ ಸೇರಿಸಲಾಗುತ್ತಿತ್ತು.

ಇದರಿಂದ ಏನಾಗುತ್ತದೆ ಎಂಬುದನ್ನು ಸಾವಿರ ರೂಪಾಯಿ ಎಂಆರ್‌ಪಿಯ ಒಂದು ಸಾಮಾನಿನ ಮೇಲೆ ಲೆಕ್ಕ ಹಾಕೋಣ. ಶೇ. 27 ರಿಯಾಯಿತಿ ಎಂದರೆ 270 ರೂಪಾಯಿ ಕಳೆದು 730. ಗಿರಾಕಿ ತಲೆಯಲ್ಲಿ ಇಟ್ಟುಕೊಂಡ ರೇಟು ಅದೇ. ಈ 730ರ ಮೇಲೆ ಆಗ ಇದ್ದ ಶೇ. 12ರ ಜಿಎಸ್‌ಟಿ ಎಂದು ಹಿಡಿದರೆ 87 ರೂಪಾಯಿ 60 ಪೈಸೆ. ಒಟ್ಟು 817 ರೂಪಾಯಿ 60 ಪೈಸೆ. ಅಂದರೆ ನಿಜವಾಗಿ ಸಿಕ್ಕಿದ ರಿಯಾಯಿತಿ ಶೇ. 18ಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಪ್ರಾಧಿಕಾರ ಹಿಡಿದು ತೋರಿಸಿದ್ದೂ ಇದನ್ನೇ: ಶೇ. 27 ಎಂದು ತೋರಿಸಿದ ರಿಯಾಯಿತಿ ಕೈಗೆ ಬರುವಾಗ ಶೇ. 18.2ಕ್ಕೆ ಇಳಿದಿತ್ತು.

ಇಲ್ಲಿ ಯಾವ ಗಿರಾಕಿಯೂ ಎಂಆರ್‌ಪಿಗಿಂತ ಹೆಚ್ಚು ಕೊಟ್ಟಿಲ್ಲ ಎಂದು ವಾದಿಸಬಹುದು. ನಿಜ, 817 ಎಂಬುದು ಸಾವಿರಕ್ಕಿಂತ ಕಡಿಮೆಯೇ. ಆದರೆ ತೆರಿಗೆ ಸೇರಿದ ಬೆಲೆಯಿಂದ ರಿಯಾಯಿತಿ ಕಳೆದ ಮೇಲೆ ಉಳಿದ ಮೊತ್ತದೊಳಗೂ ತೆರಿಗೆ ಇದ್ದೇ ಇರುತ್ತದೆ. ಅದನ್ನು ಬೇರೆಯಾಗಿ ಮತ್ತೆ ಕೇಳುವುದೆಂದರೆ ತೋರಿಸಿದ ರಿಯಾಯಿತಿ ಸುಳ್ಳು ಎಂದೇ ಅರ್ಥ. ನಮ್ಮ ಪೇಟೆಯ ಜವಳಿ ಅಂಗಡಿಯವರು ಬಾಗಿಲಲ್ಲಿ ಕಾಲು ಭಾಗ ರಿಯಾಯಿತಿ ಎಂದು ಬೋರ್ಡು ಹಾಕಿ, ಬಿಲ್ಲು ಬರೆಯುವಾಗ ತೆರಿಗೆ ಬೇರೆ ಎಂದರೆ ಅಲ್ಲೇ ಜಗಳವಾಗುತ್ತದೆ. ಪರದೆಯ ಎದುರು ಜಗಳ ಮಾಡಲು ಆಸಾಮಿಯೇ ಇಲ್ಲ.

ಕೇಳದೆ ಬಿದ್ದ ಟಿಕ್ಕು

ಮೊದಲೇ ಟಿಕ್ಕು ಹಾಕಿಟ್ಟ ಚೌಕಗಳ ವಿಷಯಕ್ಕೆ ಬಂದರೆ ಕಾನೂನು ಸ್ಪಷ್ಟವಾಗಿದೆ. 2020ರ ಜುಲೈಯಲ್ಲಿ ಜಾರಿಗೆ ಬಂದ ಇ-ವಾಣಿಜ್ಯ ನಿಯಮಗಳ ಪ್ರಕಾರ ಗ್ರಾಹಕನ ಒಪ್ಪಿಗೆ ಅವನೇ ಮಾಡಿದ ಕೆಲಸದಿಂದ ತಿಳಿಯಬೇಕು. ಮೊದಲೇ ಟಿಕ್ಕು ಹಾಕಿದ ಚೌಕವನ್ನು ಒಪ್ಪಿಗೆ ಎಂದು ಲೆಕ್ಕ ಹಾಕುವಂತಿಲ್ಲ. ಸುಮ್ಮನಿದ್ದವನು ಒಪ್ಪಿದ್ದಾನೆ ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ಹಾಗಿದ್ದರೂ ಇದು ನಡೆದೇ ಇತ್ತು. ಸಿನೆಮಾ ಟಿಕೇಟು ಮಾರುವ ‘ಬುಕ್‌ಮೈಶೋ’ದಲ್ಲಿ ಪ್ರತಿ ಟಿಕೇಟಿಗೆ 1 ರೂಪಾಯಿ ದಾನ ತಾನಾಗಿಯೇ ಬಿಲ್ಲಿಗೆ ಸೇರುತ್ತಿತ್ತು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಮಧ್ಯೆ ಪ್ರವೇಶಿಸಿದ ಮೇಲೆ, ಕೊಡುತ್ತೀರಾ ಇಲ್ಲವಾ ಎಂದು ಕೇಳುವ ಕ್ರಮ ಬಂತು. ಒಂದು ರೂಪಾಯಿಗೆ ಇಷ್ಟೆಲ್ಲ ಯಾಕೆ ಎನ್ನುವವರಿದ್ದಾರೆ. ದಾನ ಒಳ್ಳೆಯದೇ. ಆದರೆ ಕೊಡುವವನಿಗೆ ಗೊತ್ತಿಲ್ಲದೆ ಅವನ ಜೇಬಿನಿಂದ ಹೋದರೆ ಅದನ್ನು ದಾನ ಎನ್ನುವುದು ಕಷ್ಟ.

ಬಸ್ಸಿನವರ ವಿಷಯದಲ್ಲೂ ಈ ವ್ಯತ್ಯಾಸ ತಿಳಿಯಬೇಕಾದದ್ದು. ಕೆಎಸ್‌ಆರ್‌ಟಿಸಿ ಟಿಕೇಟಿನಲ್ಲಿ ಅಪಘಾತ ಪರಿಹಾರ ನಿಧಿಗೆಂದು ಸಣ್ಣ ಮೊತ್ತವೊಂದು ಸೇರುತ್ತದೆ. 2024ರ ಜನವರಿ 1ರಿಂದ ಪರಿಹಾರವನ್ನು 3 ಲಕ್ಷದಿಂದ 10 ಲಕ್ಷ ರೂಪಾಯಿಗೆ ಏರಿಸಿದಾಗ 50ರಿಂದ 99 ರೂಪಾಯಿವರೆಗಿನ ಟಿಕೇಟಿಗೆ 1 ರೂಪಾಯಿ, ನೂರು ಮತ್ತು ಮೇಲ್ಪಟ್ಟದ್ದಕ್ಕೆ 2 ರೂಪಾಯಿ ಎಂದು ಗೊತ್ತುಮಾಡಲಾಯಿತು. ಇದು ಎಷ್ಟು, ಯಾಕೆ, ಅದರಿಂದ ಏನು ಸಿಗುತ್ತದೆ ಎಂಬುದನ್ನು ನಿಗಮ ಮೊದಲೇ ಸಾರಿದೆ. ಕಂಡಕ್ಟರು ಹೇಳುವ ರೇಟಿನಲ್ಲೇ ಅದು ಸೇರಿರುತ್ತದೆ. ಇಳಿಯುವಾಗ ಯಾರೂ ಬೇರೆ ಕೇಳುವುದಿಲ್ಲ.

ಅದೇ ಬೆಂಗಳೂರಿನ ರಾತ್ರಿ ಬಸ್ಸಿಗೆ ಫೋನಿನಲ್ಲಿ ಸೀಟು ಹಿಡಿಯುವವರು ಹಣ ಕಟ್ಟುವ ಪುಟದಲ್ಲಿ ಮೂರು ಕಡೆ ಕಣ್ಣು ಹಾಯಿಸುವುದು ಒಳ್ಳೆಯದು. ಪ್ರಯಾಣ ವಿಮೆ ಎಂಬ ಚೌಕ ಒಂದು. ಟಿಕೇಟು ರದ್ದು ಮಾಡಿದರೆ ಪೂರ್ತಿ ಹಣ ವಾಪಸು ಎಂಬ ಚೌಕ ಇನ್ನೊಂದು. ದೇಣಿಗೆಯ ಚೌಕ ಮತ್ತೊಂದು. ಬೇಕಾದವರು ತೆಗೆದುಕೊಳ್ಳಲಿ, ಅದರಲ್ಲಿ ತಪ್ಪಿಲ್ಲ. ಆದರೆ ನಾಲ್ಕು ಜನರಿಗೆ ಒಟ್ಟಿಗೆ ಟಿಕೇಟು ಮಾಡುವಾಗ ಒಂದು ಟಿಕ್ಕು ನಾಲ್ಕು ಪಟ್ಟಾಗುತ್ತದೆ. ದಸರಾ ರಜೆಗೆ ಮಕ್ಕಳನ್ನು ಊರಿಗೆ ಕರೆಸುವವರಿಗೆ ಈ ಲೆಕ್ಕ ಗೊತ್ತಿರಲಿ.

ಕಾನೂನಿನಲ್ಲೊಂದು ಕಿಂಡಿ

2023ರ ನವೆಂಬರ್ 30ರಂದು ಇದೇ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂಥ 13 ಬಗೆಯ ಮೋಸದ ತಂತ್ರಗಳಿಗೆ ಹೆಸರಿಟ್ಟು ನಿಷೇಧಿಸಲಾಗಿದೆ. ‘ಡಾರ್ಕ್ ಪ್ಯಾಟರ್ನ್’ ಎಂದು ಪತ್ರಿಕೆಗಳಲ್ಲಿ ಬರುತ್ತಿರುವುದು ಇವೇ. ಬೆಲೆಯನ್ನು ಹನಿ ಹನಿಯಾಗಿ ಹೇಳುವುದೂ ಅದರಲ್ಲಿದೆ. ಗಿರಾಕಿಯ ಬುಟ್ಟಿಗೆ ಕೇಳದೆ ಸಾಮಾನು ನುಸುಳಿಸುವುದೂ ಇದೆ.

ಇಷ್ಟು ಓದಿ ಇನ್ನು ಚಿಂತೆಯಿಲ್ಲ ಎನ್ನುವಂತಿಲ್ಲ. ಅದೇ ಮಾರ್ಗಸೂಚಿಯಲ್ಲಿ ಇನ್ನೊಂದು ಮಾತಿದೆ. ಸಾಗಾಣಿಕೆ, ತೆರಿಗೆ ಮೊದಲಾದ ಅಗತ್ಯ ಶುಲ್ಕಗಳನ್ನು ಕೊಳ್ಳುವ ಸಮಯದಲ್ಲಿ ತಿಳಿಸಿದ್ದರೆ ಅದು ಬುಟ್ಟಿಗೆ ನುಸುಳಿಸಿದ್ದು ಆಗುವುದಿಲ್ಲ. ಕೊಳ್ಳುವ ಸಮಯ ಎಂದರೆ ಯಾವಾಗ? ರೇಟು ಕಂಡ ಮೊದಲ ಪುಟವೇ, ಹಣ ಕಟ್ಟುವ ಕೊನೆಯ ಪುಟವೇ? ಕಂಪೆನಿಗಳು ಕೊನೆಯ ಪುಟ ಎಂದೇ ಹಿಡಿಯುತ್ತವೆ. ಬಿಲ್ಲಿನ ವಿವರ ಅಲ್ಲಿ ಇದೆಯಲ್ಲ, ನಾವು ಬಚ್ಚಿಟ್ಟಿಲ್ಲವಲ್ಲ ಎನ್ನುತ್ತವೆ. ಹೇಳದೆ ತೆಗೆದುಕೊಳ್ಳುವುದನ್ನು ಕಾನೂನು ತಡೆಯುತ್ತದೆ. ಹೇಳಿ ತೆಗೆದುಕೊಳ್ಳುವುದನ್ನು ತಡೆಯುವುದಿಲ್ಲ. ಪ್ಲಾಟ್‌ಫಾರ್ಮ್ ಶುಲ್ಕಕ್ಕೆ ಇಂತಿಷ್ಟೇ ಎಂಬ ಮಿತಿಯೂ ಇಲ್ಲ.

ಬೆಂಗಳೂರಿನಿಂದಲೇ ನಡೆಯುವ ಊಟದ ಪಾರ್ಸೆಲ್ ಕಂಪೆನಿ ‘ಸ್ವಿಗ್ಗಿ’ 2023ರ ಏಪ್ರಿಲ್‌ನಲ್ಲಿ ಪ್ರತಿ ಆರ್ಡರಿಗೆ 2 ರೂಪಾಯಿಯಂತೆ ಈ ಶುಲ್ಕ ಆರಂಭಿಸಿತು. 2025ರ ಆಗಸ್ಟ್ ಹೊತ್ತಿಗೆ ಅದು 14 ರೂಪಾಯಿಗೆ ಮುಟ್ಟಿತು. ಎರಡೂವರೆ ವರ್ಷ ಆಗುವ ಮೊದಲೇ ಏಳು ಪಟ್ಟು. ಇಡ್ಲಿಯ ರೇಟನ್ನು ಯಾವ ಹೋಟೆಲಿನವರಾದರೂ ಈ ವೇಗದಲ್ಲಿ ಏರಿಸಿದ್ದರೆ ಊರೆಲ್ಲ ಮಾತಾಡುತ್ತಿತ್ತು. ಬಿಲ್ಲಿನ ತಳದ ಸಾಲಿನಲ್ಲಿ ಇದ್ದುದರಿಂದ ಹೆಚ್ಚಿನವರ ಕಣ್ಣಿಗೆ ಬೀಳಲೇ ಇಲ್ಲ. ಇದರಲ್ಲಿ ಕಾನೂನು ಮುರಿದದ್ದು ಏನೂ ಇಲ್ಲ. ಶುಲ್ಕ ಯಾವ ಸಾಲಿನಲ್ಲಿದೆ ಎಂಬುದಕ್ಕೆ ಎಷ್ಟು ಬೆಲೆ ಇದೆ ಎಂದು ತಿಳಿಯಲು ಮಾತ್ರ ಈ ಉದಾಹರಣೆ.

ಸಾಮಾನು ಬಂದ ಮೇಲೆ ಹಣ ಕೊಡುವವರಿಗೆ ಹೆಚ್ಚುವರಿ ಶುಲ್ಕ ಹಾಕುವ ಬಗ್ಗೆ ದೂರುಗಳು ಹೆಚ್ಚಿ, 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವ, ನಮ್ಮ ಧಾರವಾಡದ ಪ್ರಹ್ಲಾದ ಜೋಶಿಯವರು, ತನಿಖೆ ಶುರುವಾಗಿದೆ ಎಂದು ಪ್ರಕಟಿಸಿದರು. ಫೋನಿನಲ್ಲಿ ಹಣ ಕಟ್ಟಲು ಹಿಂಜರಿಯುವ ವಯಸ್ಸಾದವರು, ಹಳ್ಳಿಯವರು ಕೊಡುವ ಶುಲ್ಕ ಇದು. ಎಸ್ಟೇಟಿನ ಒಳಗಿನಿಂದ, ಸಿಗ್ನಲ್ ಸಿಗದ ಕಡೆಯಿಂದ ಸಾಮಾನು ತರಿಸುವವರಿಗೆ ಬೇರೆ ದಾರಿಯೂ ಇರುವುದಿಲ್ಲ.

ನಮ್ಮವರ ಕಡೆಯೂ ನೋಡಬೇಕು

ದೂರದ ಕಂಪೆನಿಯನ್ನು ಮಾತ್ರ ಬೈದರೆ ಮಾತು ಪೂರ್ತಿಯಾಗುವುದಿಲ್ಲ. ಅಂಗಡಿಯ ಗಲ್ಲಾದಲ್ಲೂ ಕೊನೆಯ ಗಳಿಗೆಯ ಸೇರಿಕೆ ಇದೆ. ಕಾರ್ಡಿನಲ್ಲಿ ಕೊಟ್ಟರೆ ನೂರಕ್ಕೆ ಎರಡು ಹೆಚ್ಚು ಎನ್ನುವವರು ಇಲ್ಲವೆ? ಸಾಮಾನೆಲ್ಲ ಕಟ್ಟಿದ ಮೇಲೆ ಕೈಚೀಲಕ್ಕೆ ಬೇರೆ ದುಡ್ಡು ಎನ್ನುವವರು ಇಲ್ಲವೆ?

ಚೀಲದ ಮಾತು ಸಣ್ಣದಲ್ಲ. ಬೆಂಗಳೂರು ನಾಗಸಂದ್ರದ ‘ಐಕಿಯಾ’ ಮಳಿಗೆಯಲ್ಲಿ 2022ರಲ್ಲಿ ಸಾಮಾನು ಕೊಂಡ ಮಹಿಳೆಯೊಬ್ಬರಿಗೆ ಕಂಪೆನಿಯ ಹೆಸರೇ ಅಚ್ಚಾಗಿದ್ದ ಕಾಗದದ ಚೀಲಕ್ಕೆ 20 ರೂಪಾಯಿ ಹಾಕಿದರು. ಅವರು ಗ್ರಾಹಕ ಆಯೋಗಕ್ಕೆ ಹೋದರು. 2023ರಲ್ಲಿ ಆಯೋಗ 20 ರೂಪಾಯಿಯನ್ನು ಬಡ್ಡಿ ಸಮೇತ ಹಿಂದೆ ಕೊಡಿ, ಪರಿಹಾರಕ್ಕೆ 1,000, ವ್ಯಾಜ್ಯದ ಖರ್ಚಿಗೆ 2,000 ಕೊಡಿ ಎಂದು ತೀರ್ಪಿತ್ತಿತು. ಚೀಲಕ್ಕೆ ದುಡ್ಡು ಎಂದು ಮೊದಲೇ ತಿಳಿಸದೆ ಬಿಲ್ಲಿನ ಕಟ್ಟೆಯಲ್ಲಿ ಕೇಳುವುದು ಅನ್ಯಾಯದ ವ್ಯಾಪಾರ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2020ರಲ್ಲೇ ಬೇರೊಂದು ಮಳಿಗೆಯ ಪ್ರಕರಣದಲ್ಲಿ ಹೇಳಿತ್ತು. ಬಾಗಿಲಲ್ಲೇ ಕಣ್ಣಿಗೆ ಬೀಳುವಂತೆ ಬರೆದು ಹಾಕಿದರೆ ಗಿರಾಕಿ ಮನೆಯಿಂದಲೇ ಚೀಲ ತರುತ್ತಾನೆ. ನಮ್ಮ ಶುಕ್ರವಾರದ ಸಂತೆಗೆ ಚೀಲವಿಲ್ಲದೆ ಬರುವವರು ಯಾರು?

ಹೋಂಸ್ಟೇಯವರಿಗೆ ಈ ವಿಷಯ ಇನ್ನೂ ಹತ್ತಿರದ್ದು. ಬುಕಿಂಗ್ ತಾಣದಲ್ಲಿ ಕಂಡ ರೇಟಿಗೂ ಪ್ರವಾಸಿ ಕಟ್ಟಿದ ಮೊತ್ತಕ್ಕೂ ಅಂತರ ಬಿದ್ದಾಗ ಆ ಹೆಚ್ಚಿನ ಹಣ ಮನೆಯವರ ಕೈ ಸೇರಿದೆ ಎಂದೇ ಪ್ರವಾಸಿ ಭಾವಿಸುತ್ತಾನೆ. ಸಿಟ್ಟು ತೋರಿಸುವುದು ಬಾಗಿಲು ತೆರೆದವರ ಮೇಲೆ. ಅದರ ಮೇಲೆ ರಾತ್ರಿ ಬೆಂಕಿ ಹಾಕಿದ್ದಕ್ಕೆ ಇಷ್ಟು, ಬಿಸಿನೀರಿಗೆ ಇಷ್ಟು ಎಂದು ಹೊರಡುವಾಗ ಚೀಟಿ ಕೊಟ್ಟರೆ ಅವನ ಅನುಮಾನ ನಿಜವೆಂದಾಗುತ್ತದೆ. ಎಲ್ಲ ಸೇರಿ ಇಷ್ಟು ಎಂದು ಬುಕಿಂಗ್ ಹೊತ್ತಿಗೇ ಒಂದು ಮೊತ್ತ ಹೇಳಿದವರಿಗೆ ಈ ತಕರಾರು ಬರುವುದಿಲ್ಲ.

ದೂರು ಎಲ್ಲಿಗೆ

ಹಣ ಕಟ್ಟುವ ಮೊದಲು ಮಾಡಬೇಕಾದ ಕೆಲಸ ಒಂದೇ. ಮೊದಲ ಪುಟದ ರೇಟಿನ ಚಿತ್ರ ಒಂದು, ಕೊನೆಯ ಪುಟದ ಬಿಲ್ಲಿನ ಚಿತ್ರ ಒಂದು, ಎರಡನ್ನೂ ಫೋನಿನಲ್ಲಿ ತೆಗೆದಿಟ್ಟುಕೊಳ್ಳಬೇಕು. ಟಿಕ್ಕು ಮೊದಲೇ ಬಿದ್ದಿದ್ದರೆ ಅದನ್ನು ತೆಗೆಯುವ ಮುಂಚೆಯೇ ಚಿತ್ರ ಹಿಡಿಯಬೇಕು. ಇವಿಲ್ಲದೆ ಆಮೇಲೆ ಏನು ಹೇಳಿದರೂ ಬರೀ ಬಾಯಿಮಾತು. ಮರುದಿನ ಅದೇ ಪುಟ ತೆರೆದರೆ ರೇಟೂ ಬದಲಾಗಿರಬಹುದು, ಚೌಕವೂ ಇಲ್ಲದಿರಬಹುದು.

ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915ಕ್ಕೆ ಫೋನು ಮಾಡಬಹುದು, ಕನ್ನಡದಲ್ಲೇ ಹೇಳಬಹುದು. ದೂರನ್ನು ಅವರು ಕಂಪೆನಿಗೆ ದಾಟಿಸಿ ಉತ್ತರ ತರಿಸುತ್ತಾರೆ. ಇದು ರಾಜಿ ಮಾಡಿಸುವ ವ್ಯವಸ್ಥೆ, ತೀರ್ಪು ಕೊಡುವ ಜಾಗವಲ್ಲ. ಸಣ್ಣ ಮೊತ್ತಕ್ಕೆ ಸಾಕಷ್ಟಾಯಿತು. ಅಲ್ಲಿ ಆಗದಿದ್ದರೆ ಮಡಿಕೇರಿಯಲ್ಲೇ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಕಾಯ್ದೆ ಬಂದ ಮೇಲೆ ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪೆನಿ ಬೆಂಗಳೂರಿನಲ್ಲಿರಲಿ, ದಿಲ್ಲಿಯಲ್ಲಿರಲಿ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ದೂರಿನ ಶುಲ್ಕವೂ ಇಲ್ಲ.

ಆದರೂ 39 ರೂಪಾಯಿಗಾಗಿ ಸೋಮವಾರಪೇಟೆಯಿಂದಲೋ ಪೊನ್ನಂಪೇಟೆಯಿಂದಲೋ ಬಸ್ಸು ಹತ್ತಿ ಆಯೋಗಕ್ಕೆ ಬರುವವರು ಯಾರು? ಬಸ್ಸಿನ ಚಾರ್ಜೇ ಅದಕ್ಕಿಂತ ಹೆಚ್ಚು. ಈ ಲೆಕ್ಕ ಕಂಪೆನಿಗಳಿಗೂ ಚೆನ್ನಾಗಿ ಗೊತ್ತು. ಒಬ್ಬೊಬ್ಬರಿಂದ ತೆಗೆದದ್ದು ಜಗಳಕ್ಕೆ ಸಾಲದಷ್ಟು. ಲಕ್ಷಾಂತರ ಜನರಿಂದ ಕೂಡಿದ್ದು ಕೋಟಿಗಟ್ಟಲೆ. ತಪ್ಪು ದಾರಿಗೆಳೆಯುವ ಜಾಹೀರಾತಿಗೆ ಕಾಯ್ದೆಯಲ್ಲಿರುವ ದಂಡ ಮೊದಲ ಸಲಕ್ಕೆ ಹೆಚ್ಚೆಂದರೆ 10 ಲಕ್ಷ, ಮತ್ತೆ ಮಾಡಿದರೆ 50 ಲಕ್ಷ. ಫಸ್ಟ್‌ಕ್ರೈಗೆ ಬಿದ್ದದ್ದು 2 ಲಕ್ಷ.

ದಂಡ ಏರಿಸುವುದಕ್ಕಿಂತ ಸುಲಭದ ದಾರಿ ಈ ದೇಶದಲ್ಲೇ ಒಮ್ಮೆ ನಡೆದು ತೋರಿಸಿದ್ದಾಗಿದೆ. ‘ಸ್ಥಳೀಯ ತೆರಿಗೆ ಪ್ರತ್ಯೇಕ’ ಎಂಬುದನ್ನು ತೆಗೆದುಹಾಕಿದ್ದು ಒಬ್ಬೊಬ್ಬ ಅಂಗಡಿಯವನಿಗೆ ದಂಡ ಹಾಕಿ ಅಲ್ಲ. ಎಲ್ಲ ಸೇರಿಸಿದ ಒಂದೇ ಬೆಲೆಯನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿಸಿ. ಒಟ್ಟು ಬೆಲೆಯನ್ನು ಒಂದೇ ಅಂಕೆಯಲ್ಲಿ ತೋರಿಸಿ, ಅದರ ವಿವರವನ್ನೂ ಕೊಡಬೇಕು ಎಂಬ ಮಾತು 2020ರ ಇ-ವಾಣಿಜ್ಯ ನಿಯಮಗಳಲ್ಲಿ ಇದ್ದೇ ಇದೆ. ಆ ಅಂಕೆ ಮೊದಲ ಪುಟದಲ್ಲೇ ಇರಬೇಕು ಎಂದು ಒಂದು ಸಾಲು ಸೇರಿಸಿದರೆ ಕಿಂಡಿ ಮುಚ್ಚುತ್ತದೆ. ಪಿನ್‌ಕೋಡ್ ಕೇಳಿದರೆ ಮಡಿಕೇರಿಗೆ ಸಾಗಾಣಿಕೆ ಎಷ್ಟೆಂದು ಅವರಿಗೆ ಅಲ್ಲಿಯೇ ಗೊತ್ತಾಗುತ್ತದೆ. ಗೊತ್ತಾಗುವುದಿಲ್ಲ ಎಂಬ ನೆಪ ನಡೆಯದು.

ಅಲ್ಲಿಯವರೆಗೆ ಮಹದೇವಪೇಟೆಯ ವರ್ತಕರು ಒಂದು ಕೆಲಸ ಮಾಡಬಹುದು. ಮೊಬೈಲು ತೋರಿಸುವ ಗಿರಾಕಿಯ ಮೇಲೆ ಮುನಿಸಿಕೊಳ್ಳದೆ, “ಕೊನೆಯ ಪುಟಕ್ಕೆ ಹೋಗಿ ಸಾರ್, ಹಣ ಕಟ್ಟಬೇಡಿ, ಬರೀ ನೋಡಿ” ಎನ್ನಬೇಕು. ಅಲ್ಲಿನ ಮೊತ್ತ ನಿಜಕ್ಕೂ ಕಡಿಮೆ ಇದ್ದರೆ ಅವನು ಅಲ್ಲೇ ಕೊಳ್ಳಲಿ. ಹೆಚ್ಚಿದ್ದರೆ ಕೋಟು ಎದುರಿಗೇ ಇದೆ, ಹೊರಗೆ ಮಳೆಯೂ ಇದೆ.